ತಿಂಗಳ ಡಬ್ಬಿ ಊಟಕ್ಕೆ ದುಡ್ಡು ಕಟ್ಟುವ ಮೊದಲು ಒಂದು ವಾರದ ಟ್ರಯಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಗೆ ಕೆಲಸಕ್ಕೆ ಬಂದು ರೂಮ್ ಮಾಡಿಕೊಂಡಿರುವ ಹುಡುಗರು ನನ್ನನ್ನು ಈ ವಿಷಯ ಆಗಾಗ ಕೇಳುತ್ತಾರೆ. ಐದು ವರ್ಷದಲ್ಲಿ ನಾಲ್ಕು ಕಡೆ ಡಬ್ಬಿ ಊಟ ಹಚ್ಚಿಸಿಕೊಂಡಿದ್ದೇನೆ. ಎರಡು ಕಡೆ ತಿಂಗಳ ದುಡ್ಡು ಮುಂಗಡ ಕೊಟ್ಟು ಅರ್ಧಕ್ಕೆ ಬಿಟ್ಟಿದ್ದೇನೆ. ಆಮೇಲೆ ಒಂದು ವಾರ ನೋಡದೆ ಯಾರಿಗೂ ತಿಂಗಳ ದುಡ್ಡು ಕೊಟ್ಟಿಲ್ಲ. ಆ ಒಂದು ವಾರದಲ್ಲಿ ಏನು ನೋಡಬೇಕು ಅನ್ನುವುದಷ್ಟೇ ಇಲ್ಲಿದೆ.

## ಎರಡು ದಿನ ತಿಂದು ನೋಡಿದರೆ ಸಾಲದಾ? ಒಂದು ವಾರ ಯಾಕೆ?

ಸಾಲದು. ಮೊದಲನೇ ದಿನದ ಡಬ್ಬಿ ಯಾವಾಗಲೂ ಚೆನ್ನಾಗಿರುತ್ತದೆ. ಹೊಸ ಗಿರಾಕಿ ಅಂತ ಎರಡು ಸೌಟು ಪಲ್ಯ ಜಾಸ್ತಿ ಹಾಕಿರುತ್ತಾರೆ, ಪಾಯಸವೂ ಬಂದಿರಬಹುದು. ಅದು ಮೋಸವಲ್ಲ, ಮನೆಗೆ ಬಂದವರಿಗೆ ಬಡಿಸುವ ಹಾಗೆ ಬಡಿಸಿರುತ್ತಾರೆ. ಆದರೆ ತಿಂಗಳಿಡೀ ನಮಗೆ ಸಿಗುವುದು ಆ ಊಟ ಅಲ್ಲ. ಐದನೇ ದಿನ, ಆರನೇ ದಿನ ಬರುವ ಊಟ ನಮ್ಮ ನಿಜವಾದ ಊಟ.

ಇನ್ನೊಂದು ಕಾರಣ ಇದೆ. ಮನೆಯಲ್ಲೇ ಅಡುಗೆ ಮಾಡಿ ಕಳಿಸುವವರ ಮೆನು ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ತಿರುಗುತ್ತದೆ. ಸೋಮವಾರ ಬೀನ್ಸ್ ಪಲ್ಯ ಅಂದರೆ ಮುಂದಿನ ಸೋಮವಾರವೂ ಹೆಚ್ಚುಕಡಿಮೆ ಅದೇ. ಒಂದು ಸುತ್ತು ಪೂರ್ತಿ ತಿಂದರೆ ಮುಂದಿನ ಮೂರು ವಾರ ಏನು ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಎರಡೇ ದಿನ ತಿಂದರೆ ವಾರಕ್ಕೆ ನಾಲ್ಕು ದಿನ ಆಲೂಗಡ್ಡೆ ಬರುತ್ತದೆ ಅನ್ನುವುದು ತಿಳಿಯುವುದೇ ಇಲ್ಲ.

## ಯಾವ ದಿನ ಶುರು ಮಾಡಿದರೆ ಒಳ್ಳೆಯದು?

ಗುರುವಾರ. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಗುರುವಾರ ಹೊಸಬರ ಊಟ, ಶುಕ್ರವಾರವೂ ಸ್ವಲ್ಪ ಹಾಗೇ ಇರುತ್ತದೆ. ನಾಲ್ಕನೇ ದಿನ ಭಾನುವಾರ ಬರುತ್ತದೆ. ಅಂದು ಅಡುಗೆ ಮಾಡುವವರ ಮನೆಗೆ ನೆಂಟರು ಬಂದಿರಬಹುದು, ತಲುಪಿಸುವ ಹುಡುಗ ರಜಾ ಹಾಕಿರಬಹುದು. ಐದನೇ ದಿನ ಸೋಮವಾರ. ಊರಿಗೆ ಹೋದವರೆಲ್ಲ ವಾಪಸ್ ಬಂದು ಊಟ ಶುರು ಮಾಡುವ ದಿನ ಅದು, ಡಬ್ಬಿಗಳು ಜಾಸ್ತಿ. ತರಕಾರಿ ಶನಿವಾರ ತಂದದ್ದಾ ಇವತ್ತು ತಂದದ್ದಾ ಅಂತಲೂ ಅಂದು ಕಾಣುತ್ತದೆ. ಮಂಗಳವಾರ, ಬುಧವಾರದ ಹೊತ್ತಿಗೆ ನೀವು ಹೊಸಬರಾಗಿ ಉಳಿದಿರುವುದಿಲ್ಲ. ಆ ಎರಡು ದಿನದ ಊಟಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಸೋಮವಾರ ಶುರು ಮಾಡಿ ಶನಿವಾರ ಮುಗಿಸಿದರೆ ಭಾನುವಾರ ತಪ್ಪಿಹೋಗುತ್ತದೆ, ಸೋಮವಾರ ಹೊಸಬರ ಊಟದಲ್ಲಿ ಮುಚ್ಚಿಹೋಗುತ್ತದೆ.

## ಟ್ರಯಲ್‌ಗೆ ಹೂಂ ಅನ್ನುವ ಮೊದಲು ಏನೇನು ಕೇಳಬೇಕು?

ತುಂಬ ಕೇಳಬೇಡಿ. ಫೋನ್‌ನಲ್ಲಿ ಇಪ್ಪತ್ತು ಪ್ರಶ್ನೆ ಕೇಳಿದರೆ ಯಾರಿಗೂ ಇಷ್ಟ ಆಗುವುದಿಲ್ಲ. ನಾನು ಮುಖ್ಯವಾಗಿ ಒಂದನ್ನೇ ಕೇಳುತ್ತೇನೆ: "ಅಕ್ಕಾ, ರಾತ್ರಿ ಅಡುಗೆ ಎಷ್ಟು ಗಂಟೆಗೆ ಮುಗಿಸ್ತೀರಿ? ನನ್ನ ಡಬ್ಬಿ ಎಷ್ಟು ಗಂಟೆಗೆ ಬರುತ್ತೆ?"

"ಫ್ರೆಶ್ ಆಗಿರುತ್ತಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. "ನಾಲ್ಕು ಗಂಟೆಗೆ ಮುಗಿಯುತ್ತೆ, ಏಳರಿಂದ ಎಂಟೂವರೆ ಒಳಗೆ ಬರುತ್ತೆ" ಅಂತ ಹೇಳಿದರೆ ನಿಮಗೆ ಬೇಕಾದ ಲೆಕ್ಕ ಸಿಕ್ಕಿತು. ಈ ಲೆಕ್ಕ ಯಾಕೆ ಬೇಕು ಅಂತ ಮುಂದೆ ಹೇಳಿದ್ದೇನೆ.

ಅದರ ಜೊತೆ ಊಟ ಬೇಡ ಅಂದರೆ ಎಷ್ಟು ಹೊತ್ತು ಮೊದಲು ಹೇಳಬೇಕು, ಆ ದುಡ್ಡು ಕಳೆಯುತ್ತಾರಾ ಅಂತ ಕೇಳಿ. ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯಾ ಅಂತಲೂ ಕೇಳಿ. ಮನೆಯಲ್ಲಿ ಅಡುಗೆ ಮಾಡಿ ಮಾರುವ ಸಣ್ಣವರಿಗೂ ನೋಂದಣಿ ಬೇಕು, ಅದರ ನಂಬರ್ 14 ಅಂಕಿಯದು. ಇದ್ದರೆ ಒಳ್ಳೆಯದು. ಆದರೆ ನಂಬರ್ ಇದೆ ಅಂದ ಮಾತ್ರಕ್ಕೆ ಇವತ್ತಿನ ಹುಳಿ ಚೆನ್ನಾಗಿದೆ ಅಂತ ಅಲ್ಲ. ಅದನ್ನು ನಾವೇ ನೋಡಬೇಕು.

## ಅಡುಗೆ ಮುಗಿದ ಹೊತ್ತು ಅಷ್ಟೊಂದು ಮುಖ್ಯವಾ?

ಬ್ಯಾಚುಲರ್‌ಗಳಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಮನೆಯಲ್ಲಿ ಒಲೆಯಿಂದ ಇಳಿಸಿದ ಅನ್ನ ಅರ್ಧ ಗಂಟೆಯಲ್ಲಿ ತಟ್ಟೆಗೆ ಬರುತ್ತದೆ. ಡಬ್ಬಿ ಊಟ ಹಾಗಲ್ಲ. ನಾಲ್ಕಕ್ಕೆ ಮಾಡಿದ್ದು ಆರಕ್ಕೆ ತುಂಬಿ, ಏಳಕ್ಕೆ ನಿಮ್ಮ ಬಾಗಿಲಿಗೆ ಬಂದು, ನೀವು ಆಫೀಸಿನಿಂದ ಹತ್ತಕ್ಕೆ ಬಂದು ತೆಗೆಯುವವರೆಗೆ ಅಲ್ಲೇ ಕೂತಿರುತ್ತದೆ. ಒಟ್ಟು ಆರು ಗಂಟೆ.

ಬೇಯಿಸಿದ ಅಡುಗೆಗೆ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಅಪಾಯದ್ದು. ಅದಕ್ಕಿಂತ ಬಿಸಿಯಾಗಿದ್ದರೆ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಅದಕ್ಕಿಂತ ತಣ್ಣಗಿದ್ದರೆ ತುಂಬ ನಿಧಾನ. ನಡುವೆ ಉಗುರುಬೆಚ್ಚಗೆ ಇದ್ದಾಗ ಬೇಗ ಬೆಳೆಯುತ್ತವೆ. ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ತಾಸುಗಟ್ಟಲೆ ಊಟ ಇರುವುದು ಸರಿಯಾಗಿ ಆ ಉಗುರುಬೆಚ್ಚಗಿನ ಸ್ಥಿತಿಯಲ್ಲೇ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಜಾಸ್ತಿ ಹಾಗೆ ಹೊರಗೆ ಇಡಬಾರದು ಅನ್ನುವುದು ಸಾಮಾನ್ಯ ನಿಯಮ.

ಅನ್ನದ ವಿಷಯ ಇನ್ನೂ ಸೂಕ್ಷ್ಮ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಇಟ್ಟ ಅನ್ನದಲ್ಲಿ ಅವು ಮತ್ತೆ ಚಿಗುರಿ ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ "ಬಂದ ಮೇಲೆ ಬಿಸಿ ಮಾಡ್ಕೊಂಡು ತಿಂತೀನಿ ಬಿಡು" ಅನ್ನುವುದು ಪೂರ್ತಿ ಪರಿಹಾರವಲ್ಲ.

ಹಸಿ ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ ಬೇಗ ಹಳಸುತ್ತದೆ. ಕಾಯಿ ಹಾಕದ ಬೇಳೆ ಸಾರು, ಮೆಣಸಿನ ಸಾರು ಅದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತವೆ. ನಮ್ಮ ಅಜ್ಜಿ ರಾತ್ರಿಗೆ ಉಳಿಯುವ ಅಡುಗೆಗೆ ಕಾಯಿ ಹಾಕುತ್ತಲೇ ಇರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಅದಕ್ಕೇ ವಾರವಿಡೀ ಎರಡು ಹೊತ್ತು ಬರೆದಿಡಿ: ಡಬ್ಬಿ ಬಂದ ಹೊತ್ತು, ನೀವು ಮುಚ್ಚಳ ತೆಗೆದ ಹೊತ್ತು. ಟ್ರಯಲ್ ಅಂತ ಆಫೀಸಿನಿಂದ ಬೇಗ ಬಂದು ಬಿಸಿಬಿಸಿ ತಿನ್ನಬೇಡಿ. ಯಾವಾಗಲೂ ಎಷ್ಟು ಹೊತ್ತಿಗೆ ಬರುತ್ತೀರೋ ಅಷ್ಟೇ ಹೊತ್ತಿಗೆ ಬನ್ನಿ. ಎಂಟು ಗಂಟೆಯೊಳಗೆ ಮನೆ ಸೇರುವವರಿಗೆ ಒಳ್ಳೆಯದಾದ ಡಬ್ಬಿ ಹತ್ತಕ್ಕೆ ಸೇರುವವರಿಗೆ ಒಳ್ಳೆಯದಾಗಬೇಕಿಲ್ಲ. ರೂಮ್‌ಮೇಟ್ ಮನೆಯಲ್ಲೇ ಇದ್ದರೆ ಡಬ್ಬಿ ಬಂದ ತಕ್ಷಣ ಫ್ರಿಜ್‌ಗೆ ಇಡಲು ಹೇಳಿ, ಬಂದು ಕುದಿಯುವ ಹಾಗೆ ಬಿಸಿ ಮಾಡಿ. ಅರ್ಧ ಚಿಂತೆ ಕಳೆಯುತ್ತದೆ. ಅನ್ನವನ್ನು ಮಾತ್ರ ಸಾಧ್ಯವಾದರೆ ನೀವೇ ಮಾಡಿಕೊಳ್ಳಿ. ಸಣ್ಣ ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷದ ಕೆಲಸ. ಅನ್ನ ಬಿಟ್ಟು ಬರೀ ಸಾರು, ಪಲ್ಯ ಕಳಿಸುತ್ತೀರಾ ಅಂತ ಕೇಳಿದರೆ ತುಂಬ ಜನ ಒಪ್ಪುತ್ತಾರೆ, ದರವೂ ಕಡಿಮೆ ಮಾಡುತ್ತಾರೆ.

## ಊಟ ಸಾಲುತ್ತದಾ ಅಂತ ಹೇಗೆ ನೋಡೋದು? ಒಂದೊಂದು ದಿನ ಹಸಿವು ಬೇರೆ ಬೇರೆ ಇರುತ್ತಲ್ಲ?

ಅದಕ್ಕೇ ಹೊಟ್ಟೆಯ ಮಾತು ಕೇಳಬೇಡಿ, ತೂಕ ನೋಡಿ. ಅಡುಗೆಮನೆ ತಕ್ಕಡಿ ಇರುವ ಸ್ನೇಹಿತರಿಂದ ಒಂದು ವಾರಕ್ಕೆ ತಂದುಕೊಳ್ಳಿ. ಮೊದಲನೇ ದಿನ ಮತ್ತು ಆರನೇ ದಿನ ಅನ್ನದ ಬಟ್ಟಲು, ಪಲ್ಯದ ಬಟ್ಟಲು ತೂಗಿ. ಖಾಲಿ ಬಟ್ಟಲಿನ ತೂಕ ಕಳೆಯುವುದು ಮರೆಯಬೇಡಿ. ನೂರು ಗ್ರಾಂ ಅಕ್ಕಿ ಬೆಂದರೆ ಸುಮಾರು 250ರಿಂದ 300 ಗ್ರಾಂ ಅನ್ನ ಆಗುತ್ತದೆ. ನನಗೆ ಒಂದು ಹೊತ್ತಿಗೆ ಅಷ್ಟು ಬೇಕು. ನಿಮ್ಮದು ನಿಮಗೇ ಗೊತ್ತು.

ಅನ್ನ ಕಡಿಮೆ ಆಗುವುದು ಅಪರೂಪ, ಅದು ಅಗ್ಗ. ಕಡಿಮೆ ಆಗುವುದು ಪಲ್ಯ ಮತ್ತು ಬೇಳೆ. ಹುಳಿ ಅಂತ ಕಳಿಸಿದ್ದರಲ್ಲಿ ಬೇಳೆ ಎಷ್ಟಿದೆ ಅಂತ ನೋಡಲು ಒಂದು ಸುಲಭ ದಾರಿ ಇದೆ. ಡಬ್ಬಿಯನ್ನು ಅಲ್ಲಾಡಿಸದೆ ಹತ್ತು ನಿಮಿಷ ಇಡಿ. ಮೇಲಿನ ತಿಳಿಯನ್ನು ಮೆತ್ತಗೆ ಬೇರೆ ಬಟ್ಟಲಿಗೆ ಬಗ್ಗಿಸಿ. ಅಡಿಯಲ್ಲಿ ಗಟ್ಟಿಯಾಗಿ ಬೇಳೆ, ತರಕಾರಿ ಉಳಿದರೆ ಸರಿ. ಎರಡು ಚಮಚ ಉಳಿದರೆ ಅದು ಹುಳಿ ಅಲ್ಲ, ಹುಳಿಯ ಹೆಸರಿನ ನೀರು. ಸಾರು ತೆಳ್ಳಗಿದ್ದರೆ ತಪ್ಪಲ್ಲ, ಅದು ಇರುವುದೇ ಹಾಗೆ. ಆದರೆ ದಿನವೂ ಸಾರೇ ಬಂದರೆ ಬೇಳೆ ಎಲ್ಲಿಂದ ಸಿಗಬೇಕು?

ದೊಡ್ಡವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಲೆಕ್ಕ. 60 ಕೆ.ಜಿ. ಇರುವವರಿಗೆ 50 ಗ್ರಾಂ. ಮೂವತ್ತು ಗ್ರಾಂ ತೊಗರಿಬೇಳೆಯಲ್ಲಿ ಸಿಗುವುದು ಆರೂವರೆ ಗ್ರಾಂ ಅಷ್ಟೇ. ಡಬ್ಬಿಯಲ್ಲಿ ಬೇಳೆ ಕಡಿಮೆ ಅನ್ನಿಸಿದರೆ ಮೊಟ್ಟೆ, ಮೊಸರು, ನೆನೆಸಿದ ಕಡಲೆಕಾಯಿಗೆ ನೀವು ಬೇರೆ ಖರ್ಚು ಮಾಡಬೇಕಾಗುತ್ತದೆ. ಆ ಖರ್ಚನ್ನೂ ಡಬ್ಬಿಯ ದರಕ್ಕೆ ಸೇರಿಸಿ ನೋಡಿ.

## ಎಣ್ಣೆ, ಸೋಡಾ ಜಾಸ್ತಿ ಹಾಕುತ್ತಾರೆ ಅಂತ ಹೇಳ್ತಾರೆ. ಹೇಗೆ ಗೊತ್ತಾಗುತ್ತೆ?

ಎಣ್ಣೆ ಬಟ್ಟಲು ತೊಳೆಯುವಾಗ ಗೊತ್ತಾಗುತ್ತದೆ. ಪಲ್ಯ ತೆಗೆದ ಮೇಲೆ ಅಡಿಯಲ್ಲಿ ಎಣ್ಣೆ ಹರಿದಾಡುತ್ತಿದ್ದರೆ ಜಾಸ್ತಿ ಅಂತ ಅರ್ಥ. ಸೋಡಾ ಸ್ವಲ್ಪ ಕಷ್ಟ. ಕಡಲೆಕಾಳು, ಅಲಸಂದೆ ಮುಟ್ಟಿದರೆ ಹಿಟ್ಟಾಗುವಷ್ಟು ಮೆತ್ತಗಾಗಿ, ಬಾಯಲ್ಲಿ ಸೋಪಿನ ಹಾಗೆ ಜಾರಿದರೆ ಅಡುಗೆ ಸೋಡಾ ಹಾಕಿ ಬೇಯಿಸಿರಬಹುದು. ಬೀನ್ಸ್ ಅತಿಯಾಗಿ ಬೆಂದೂ ಗಾಢ ಹಸಿರಾಗೇ ಉಳಿದಿದ್ದರೂ ಅದೇ ಅನುಮಾನ. ಯಾಕಂದರೆ ಹೆಚ್ಚು ಬೆಂದ ಹಸಿರು ತರಕಾರಿ ತಾನಾಗೇ ಮಂಕಾಗುತ್ತದೆ. ಒಂದು ದಿನ ಹೀಗಾದರೆ ದೊಡ್ಡ ವಿಷಯವಲ್ಲ. ವಾರದಲ್ಲಿ ಮೂರು ದಿನ ಆದರೆ ಕೇಳಿ.

ಉಪ್ಪಿಗೆ ಬೇರೆ ಪರೀಕ್ಷೆ ಬೇಡ. ಊಟ ಆದ ಮೇಲೆ ಮಲಗುವವರೆಗೂ ಬಾಯಾರುತ್ತಿದ್ದರೆ ಉಪ್ಪು ಜಾಸ್ತಿಯೇ.

## ನಿನ್ನೆಯದನ್ನು ಇವತ್ತು ಕಳಿಸಿದರೆ ತಿಳಿಯುತ್ತದಾ?

ಕೆಲವು ಸಲ ತಿಳಿಯುತ್ತದೆ. ನಿನ್ನೆ ರಾತ್ರಿಯ ಪಲ್ಯದ ತರಕಾರಿ ಇವತ್ತು ಮಧ್ಯಾಹ್ನದ ಸಾಗುವಿನಲ್ಲಿ ಕಾಣಿಸಿದರೆ, ಒಂದೇ ಸಾಗುವಿನಲ್ಲಿ ಕೆಲವು ತುಂಡು ಕರಗಿ ಕೆಲವು ಗಟ್ಟಿಯಾಗಿದ್ದರೆ, ಎರಡು ಅಡುಗೆ ಸೇರಿಸಿದ್ದಾರೆ ಅಂತ ಅನ್ನಿಸುತ್ತದೆ. ಮಿಕ್ಕಿದ ಅನ್ನಕ್ಕೆ ಒಗ್ಗರಣೆ ಹಾಕಿದರೆ ಅನ್ನ ಬಿಡಿಬಿಡಿಯಾಗಿ, ಗಡುಸಾಗಿ ಇರುತ್ತದೆ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲೂ ರಾತ್ರಿ ಮಿಕ್ಕ ಅನ್ನವೇ ಬೆಳಗ್ಗೆ ಚಿತ್ರಾನ್ನ ಆಗುತ್ತದೆ, ಅಲ್ವಾ? ತಂಗಳು ಅಂದ ತಕ್ಷಣ ಕೆಟ್ಟದ್ದಲ್ಲ. ರಾತ್ರಿಯಿಡೀ ಹೊರಗಿತ್ತಾ, ಫ್ರಿಜ್‌ನಲ್ಲಿತ್ತಾ ಅನ್ನುವುದು ಮುಖ್ಯ. ನೇರವಾಗಿ, ಗೌರವದಿಂದ ಕೇಳಿ: "ಮಿಕ್ಕಿದ್ದನ್ನ ಏನ್ಮಾಡ್ತೀರಿ ಅಕ್ಕಾ?" ನನಗೆ ಒಬ್ಬರು "ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ನಾವೇ ತಿಂತೀವಪ್ಪ, ಡಬ್ಬಿಗೆ ಹಾಕಲ್ಲ" ಅಂದರು. ಅವರ ಊಟದಲ್ಲಿ ಯಾವತ್ತೂ ಅನುಮಾನ ಬರಲಿಲ್ಲ.

## ಒಂದು ವಾರ ಹೇಗಿರುತ್ತದೆ ಅಂತ ಉದಾಹರಣೆ ಕೊಡ್ತೀರಾ?

ನನ್ನದೇ ಕೊನೆಯ ಟ್ರಯಲ್ ಹೇಳುತ್ತೇನೆ. ಊಟಕ್ಕೆ 90 ರೂಪಾಯಿ, ದಿನಕ್ಕೆ ಎರಡು ಹೊತ್ತು, ಗುರುವಾರದಿಂದ ಬುಧವಾರದವರೆಗೆ. ಏಪ್ರಿಲ್ ತಿಂಗಳು.

ಗುರುವಾರ ಮಧ್ಯಾಹ್ನ 12.40ಕ್ಕೆ ಬಂತು. ನುಗ್ಗೆಕಾಯಿ ಹುಳಿ, ಬೀನ್ಸ್ ಪಲ್ಯ, ಮಜ್ಜಿಗೆ, ಹೆಸರುಬೇಳೆ ಪಾಯಸ. ಪಲ್ಯ 110 ಗ್ರಾಂ ಇತ್ತು. ಶುಕ್ರವಾರವೂ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ ಒಂದು ಗಂಟೆ ದಾಟಿತು, ಊಟ ಬಿಸಿಯಾಗೇ ಇತ್ತು.

ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತ್. ಸಂಜೆ ಐದಕ್ಕೆ ಮೆಸೇಜ್ ಬಂತು: "ಇವತ್ತು ರಾತ್ರಿ ರಜಾ." ಪ್ರತಿ ಭಾನುವಾರ ರಾತ್ರಿ ರಜಾ ಅಂತ ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗುರುವಾರ ಶುರು ಮಾಡಿದ್ದಕ್ಕೆ ಇದು ಟ್ರಯಲ್‌ನಲ್ಲೇ ತಿಳಿಯಿತು.

ಸೋಮವಾರ ಮಧ್ಯಾಹ್ನದ ಡಬ್ಬಿ 1.40ಕ್ಕೆ ಬಂತು, ಒಂದು ಗಂಟೆ ತಡ. ಅನ್ನ ಮುದ್ದೆಯಾಗಿತ್ತು. ಅಂದು ರಾತ್ರಿ ಊಟ ಬೇಡ ಅಂತ ಬೇಕಂತಲೇ ಮಧ್ಯಾಹ್ನ ಎರಡಕ್ಕೆ ಮೆಸೇಜ್ ಹಾಕಿದೆ. ಅವರ ನಿಯಮ ಮೂರು ಗಂಟೆ ಮೊದಲು ಹೇಳಬೇಕು ಅಂತ. ಆದರೂ ಡಬ್ಬಿ ಬಂತು. ತಂದ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದೆ. "ನಂದೇ ತಪ್ಪು, ಇದನ್ನ ಲೆಕ್ಕಕ್ಕೆ ಹಿಡಿಯಲ್ಲ" ಅಂದರು. ವಾರದ ಕೊನೆಗೆ ನಿಜವಾಗಿಯೂ ಹಿಡಿಯಲಿಲ್ಲ.

ಮಂಗಳವಾರ ರಾತ್ರಿ ನಾನು 9.45ಕ್ಕೆ ಮುಚ್ಚಳ ತೆಗೆದೆ. ಕುಂಬಳಕಾಯಿ ಹುಳಿಯಿಂದ ಹುಳಿ ವಾಸನೆ ಬರುತ್ತಿತ್ತು, ಮೇಲೆ ಸಣ್ಣ ನೊರೆ. ತಿನ್ನಲಿಲ್ಲ. ಪಲ್ಯ ತೂಗಿದೆ, 85 ಗ್ರಾಂ. ಅಕ್ಕನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವರು ವಾದ ಮಾಡಲಿಲ್ಲ. "ಮೂರೂವರೆಗೆ ಇಳಿಸಿದ್ದು, ಕಾಯಿ ಹಾಕಿದ್ದೆ. ನೀವು ಮೊದಲನೇ ಟ್ರಿಪ್‌ನಲ್ಲಿದ್ದೀರಿ, ಆರೂವರೆಗೇ ಬಂದುಬಿಟ್ಟಿರುತ್ತೆ" ಅಂದರು. ಲೆಕ್ಕ ಹಾಕಿದರೆ ಒಲೆಯಿಂದ ನನ್ನ ಕೈಗೆ ಆರೂಕಾಲು ಗಂಟೆ. ಯಾರ ಅಡುಗೆಯಾದರೂ ಆ ಬಿಸಿಲಿನಲ್ಲಿ ಹಳಸುತ್ತಿತ್ತು. ಕೊನೆಯ ಟ್ರಿಪ್‌ನವರಿಗೆ ಐದೂವರೆ ಮೇಲೆ ಬೇರೆ ಅಡುಗೆ ಮಾಡುತ್ತಾರೆ ಅಂತಲೂ ಆಗಲೇ ಗೊತ್ತಾಯಿತು. ನನ್ನ ಹೆಸರನ್ನು ಆ ಟ್ರಿಪ್‌ಗೆ ಹಾಕಲು ಕೇಳಿಕೊಂಡೆ.

ಬುಧವಾರ ರಾತ್ರಿ 8.20ಕ್ಕೆ ಬಂತು. ಒಂಬತ್ತೂವರೆಗೆ ತೆಗೆದೆ, ಬೆಚ್ಚಗಿತ್ತು, ವಾಸನೆ ಇರಲಿಲ್ಲ. ಬರೀ ಮಂಗಳವಾರದ ಊಟ ನೋಡಿದ್ದರೆ ಬಿಟ್ಟುಬಿಡುತ್ತಿದ್ದೆ. ಬರೀ ಗುರುವಾರದ್ದು ನೋಡಿದ್ದರೆ ಅಂದೇ ತಿಂಗಳ ದುಡ್ಡು ಕೊಟ್ಟು, ಪ್ರತಿ ರಾತ್ರಿ ಆರು ಗಂಟೆ ಹಳೆಯ ಊಟ ತಿನ್ನುತ್ತಿದ್ದೆ.

## ಟ್ರಯಲ್‌ಗೆ ಊಟಕ್ಕೆ 90, ತಿಂಗಳಿಗೆ ಕಟ್ಟಿದರೆ 70 ಬೀಳುತ್ತದೆ. ತಿಂಗಳದ್ದೇ ಲಾಭ ತಾನೇ?

ಕಾಗದದ ಮೇಲೆ ಹೌದು. ಅದೇ ಅಕ್ಕ ನನಗೆ ತಿಂಗಳಿಗೆ 4,200 ರೂಪಾಯಿ ಹೇಳಿದ್ದರು. 30 ದಿನ, ಎರಡು ಹೊತ್ತು, 60 ಊಟ ಅಂದುಕೊಂಡರೆ ಒಂದಕ್ಕೆ 70. ಈಗ ನಿಜವಾದ ತಿಂಗಳು ನೋಡೋಣ.

ನಾಲ್ಕು ಭಾನುವಾರ ರಾತ್ರಿ ರಜಾ. ಉಳಿದದ್ದು 56 ಊಟ, ಒಂದಕ್ಕೆ 75 ರೂಪಾಯಿ. ನಾನು ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಶುಕ್ರವಾರ ರಾತ್ರಿ, ಶನಿವಾರ ಎರಡು, ಭಾನುವಾರ ಮಧ್ಯಾಹ್ನ ಸೇರಿ ಒಂದು ಸಲಕ್ಕೆ ನಾಲ್ಕು ಊಟ, ಎರಡು ಸಲಕ್ಕೆ ಎಂಟು. ಉಳಿದದ್ದು 48, ಒಂದಕ್ಕೆ 87.50. ಆಫೀಸಿನವರ ಜೊತೆ, ಸ್ನೇಹಿತರ ಜೊತೆ ಹೊರಗೆ ತಿನ್ನುವುದು ತಿಂಗಳಿಗೆ ನಾಲ್ಕಾದರೂ ಆಗುತ್ತದೆ. ಉಳಿದದ್ದು 44. ಈಗ ಒಂದು ಊಟಕ್ಕೆ 95 ರೂಪಾಯಿ ದಾಟಿತು. ಟ್ರಯಲ್ ದರಕ್ಕಿಂತಲೂ ಜಾಸ್ತಿ!

ಊರಿಗೆ ಹೋದಾಗ ಬಿಟ್ಟ ಎಂಟು ಊಟಕ್ಕೆ ತಲಾ 75ರಂತೆ 600 ರೂಪಾಯಿ ಕಳೆದರೆ ನಾನು ಕೊಡುವುದು 3,600. ತಿಂದ 44 ಊಟಕ್ಕೆ ಹಂಚಿದರೆ ಒಂದಕ್ಕೆ ಸುಮಾರು 82. ಅಂದರೆ ಬೇಡ ಅಂದ ಊಟ ಕಳೆಯುವ ನಿಯಮ ಒಂದರಿಂದಲೇ ಊಟಕ್ಕೆ 13 ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಚೌಕಾಸಿ ಮಾಡಿ ತಿಂಗಳಿಗೆ 200 ರೂಪಾಯಿ ಕಡಿಮೆ ಮಾಡಿಸಿಕೊಂಡರೂ ಊಟಕ್ಕೆ ಉಳಿಯುವುದು ಐದು ರೂಪಾಯಿಗಿಂತ ಕಡಿಮೆ. ಹಾಗಾಗಿ ನಾನು ದರದ ಬಗ್ಗೆ ಚೌಕಾಸಿ ಮಾಡುವುದಿಲ್ಲ. ರಜೆಯ ನಿಯಮದ ಬಗ್ಗೆ ಮಾತ್ರ ಮಾತಾಡುತ್ತೇನೆ. ತರಕಾರಿ, ಗ್ಯಾಸಿನ ಬೆಲೆ ನೋಡಿದರೆ 200 ಕಳೆದುಕೊಂಡವರು ಅದನ್ನು ಪಲ್ಯದಲ್ಲೇ ಕಡಿಮೆ ಮಾಡಬೇಕಾಗುತ್ತದೆ.

ನಿಮ್ಮ ಲೆಕ್ಕ ನೀವೇ ಮಾಡಿ. ಕಳೆದ ತಿಂಗಳ ಯುಪಿಐ ಪಟ್ಟಿ ತೆಗೆದು, ಹೊರಗೆ ಎಷ್ಟು ಸಲ ತಿಂದಿದ್ದೀರಿ ಅಂತ ಎಣಿಸಿದರೆ ಸಾಕು.

## ರುಚಿ ನಮ್ಮ ಮನೆಯದರ ಹಾಗಿಲ್ಲ. ಬಿಟ್ಟುಬಿಡಲಾ?

ಮನೆ ಊಟ ಅಂದರೆ ಯಾರ ಮನೆಯದು ಅಂತ ಮೊದಲು ನೋಡಿ. ಸಾರಿಗೆ ಬೆಲ್ಲ ಹಾಕುವ ಮನೆ ಇದೆ, ಹಾಕದ ಮನೆ ಇದೆ. ಕಲಬುರಗಿಯ ಹುಡುಗನಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಆದಂತೆ ಅನ್ನಿಸುವುದಿಲ್ಲ, ಮಂಡ್ಯದವನಿಗೆ ಮುದ್ದೆ ಬೇಕು, ಮಂಗಳೂರಿನವನು ಕುಚ್ಚಲಕ್ಕಿ ಹುಡುಕುತ್ತಾನೆ. ಸಿಹಿ, ಖಾರ ಇವೆಲ್ಲ ಎರಡು ವಾರದಲ್ಲಿ ನಾಲಿಗೆಗೆ ಒಗ್ಗುತ್ತವೆ. ಹೊತ್ತು ತಪ್ಪಿ ಬರುವ ಡಬ್ಬಿ, ಸಾಲದ ಪಲ್ಯ ಯಾವತ್ತೂ ಒಗ್ಗುವುದಿಲ್ಲ. ರೊಟ್ಟಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಮಾತ್ರ ರೊಟ್ಟಿ ಮಾಡುವವರನ್ನೇ ಹುಡುಕಿ. ಇಲ್ಲದಿದ್ದರೆ ವಾರಕ್ಕೆ ಮೂರು ದಿನ ಹೊರಗೆ ತಿಂದು ದುಡ್ಡು ಕಳೆಯುತ್ತೀರಿ.

## ವಾರದ ನಡುವೆ ಹೊಟ್ಟೆ ಕೆಟ್ಟರೆ ಡಬ್ಬಿಯದ್ದೇ ತಪ್ಪಾ?

ಹೇಳಲಾಗುವುದಿಲ್ಲ, ಹೊತ್ತು ಸ್ವಲ್ಪ ಸುಳಿವು ಕೊಡುತ್ತದೆ. ಮೇಲೆ ಹೇಳಿದ ಅನ್ನದ ವಿಷದಿಂದ ಆದರೆ ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾಗಳಿಂದ ಭೇದಿ ಆಗಲು ಅರ್ಧ ದಿನ, ಒಂದು ದಿನ, ಅದಕ್ಕಿಂತ ಜಾಸ್ತಿಯೂ ಆಗಬಹುದು. ಹಾಗಾಗಿ ಹಿಂದಿನ ದಿನ ಸಂಜೆ ತಿಂದ ಪಾನಿಪುರಿಯನ್ನೂ ನೆನಪು ಮಾಡಿಕೊಳ್ಳಿ. ಅದೇ ಡಬ್ಬಿ ತಿನ್ನುವ ಬೇರೆಯವರಿಗೂ ಆಗಿದೆಯಾ ಅಂತ ವಿಚಾರಿಸಿ. ಓಆರ್‌ಎಸ್ ಕುಡಿಯುತ್ತಿರಿ. ಜ್ವರ ಬಂದರೆ, ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

## ಚಿಕ್ಕ ತಪ್ಪಿಗೆಲ್ಲ ದೂರು ಹೇಳಬೇಕಾ? ಮುಜುಗರ ಆಗುತ್ತೆ.

ಟ್ರಯಲ್‌ನಲ್ಲಿ ಒಂದು ಸಲವಾದರೂ ಹೇಳಿ. "ಅಕ್ಕಾ, ಇವತ್ತು ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು" ಅಂದರೆ ಸಾಕು. ಅವರು ಏನು ಉತ್ತರ ಕೊಡುತ್ತಾರೆ, ಮಾರನೇ ದಿನ ಏನು ಮಾಡುತ್ತಾರೆ ಅನ್ನುವುದು ನಿಮಗೆ ಬೇಕು. "ಬೇರೆ ಯಾರೂ ಹೇಳಿಲ್ಲ, ನಿಮಗೊಬ್ಬರಿಗೇ" ಅನ್ನುವವರ ಹತ್ತಿರ ತಿಂಗಳಿಡೀ ಏನನ್ನೂ ಸರಿ ಮಾಡಿಸಿಕೊಳ್ಳಲು ಆಗುವುದಿಲ್ಲ. ನಾನು ಅರ್ಧಕ್ಕೆ ಬಿಟ್ಟ ಎರಡೂ ಕಡೆ ಊಟ ಪೂರ್ತಿ ಕೆಟ್ಟದಾಗಿರಲಿಲ್ಲ. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ.

## ಎಲ್ಲ ಸರಿ ಇದೆ. ಈಗ ತಿಂಗಳ ದುಡ್ಡು ಪೂರ್ತಿ ಕೊಡಲಾ?

ಹದಿನೈದು ದಿನದ್ದು ಕೊಡುತ್ತೇನೆ ಅಂತ ಕೇಳಿ ನೋಡಿ. ತಿಂಗಳ ದರದಲ್ಲೇ ಒಪ್ಪುವವರು ಇದ್ದಾರೆ, ಅವರಿಗೂ ರೇಷನ್ ತರಲು ಕೈಯಲ್ಲಿ ದುಡ್ಡು ಬೇಕಲ್ಲ. ಪೂರ್ತಿಯೇ ಬೇಕು ಅಂದರೆ, ಮಾತಾಡಿದ್ದನ್ನೆಲ್ಲ ಒಂದು ವಾಟ್ಸಾಪ್ ಮೆಸೇಜ್‌ನಲ್ಲಿ ಬರೆದು ಅವರಿಂದ ಸರಿ ಅನ್ನಿಸಿಕೊಂಡು ಆಮೇಲೆ ಯುಪಿಐ ಮಾಡಿ. ನಾನು ಹೀಗೆ ಬರೆದಿದ್ದೆ:

"ಅಕ್ಕಾ, ಗುರುವಾರದಿಂದ 15 ದಿನಕ್ಕೆ 2,100 ಕಳಿಸ್ತಿದ್ದೀನಿ. ರಾತ್ರಿ ಕೊನೇ ಟ್ರಿಪ್, ಎಂಟು ಗಂಟೆ ಮೇಲೆ. ಭಾನುವಾರ ರಾತ್ರಿ ರಜಾ. ಮೂರು ಗಂಟೆ ಮೊದಲು ಬೇಡ ಅಂದ್ರೆ ಊಟಕ್ಕೆ 75 ಕಳೀಬೇಕು. ಡಬ್ಬಿ ಎರಡು ಸೆಟ್ ನನ್ನ ಹತ್ರ ಇದೆ, ಬಿಡುವಾಗ ವಾಪಸ್ ಕೊಡ್ತೀನಿ. ಸರೀನಾ?"

ಅವರು "ಸರಿ ಕಣಪ್ಪ" ಅಂತ ಬರೆದರು. ಹದಿನೈದು ದಿನ ಆದ ಮೇಲೆ ಒಂದು ಮಂಗಳವಾರ ಮತ್ತೆ ಪಲ್ಯ ತೂಗಿದೆ. 95 ಗ್ರಾಂ ಇತ್ತು. ಉಳಿದ ಹದಿನೈದು ದಿನದ ದುಡ್ಡನ್ನು ಅಂದು ರಾತ್ರಿಯೇ ಕಳಿಸಿದೆ.